ನಡುರಾತ್ರಿ ಬೆವರಿಗೆ "ವಯಸ್ಸಿಂದು, ಬಿಡ್ರಿ" ಅನ್ನೂದು ಬಿಡ್ರಿ

ಮೊನ್ನೆ ಶ್ರಾವಣ ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ-ಕುಂಕುಮಕ್ಕ ಎಂಟು ಮಂದಿ ಕೂಡಿದ್ವಿ. ಉಡಿ ತುಂಬೂದು ಮುಗದು ಚಹಾ ಕುಡಿಯೂ ಹೊತ್ತಿಗೆ ಹಿಂದಿನ ಓಣಿಯವರೊಬ್ಬರು ಸಣ್ಣ ದನಿಲೆ ಒಂದು ಮಾತು ತಗದ್ರು. "ನಂಗ ಈಗ ತಿಂಗಳಾತ್ರಿ, ರಾತ್ರಿ ಎರಡಕ್ಕ ಎಚ್ಚರಾಗತದ. ನೈಟಿ ಹಿಂಡಿದ್ರ ನೀರು ಬರತದ, ತಲಿದಿಂಬು ಸುದ್ದಾ ತೊಯ್ದಿರತದ." ಅವರ ಮಾತು ಮುಗಿಯೂಕ್ಕಿಂತ ಮೊದಲ ಮೂರು ಮಂದಿ ಒಂದ ಬಾಯಿಲೆ ಅಂದ್ರು, "ವಯಸ್ಸಿಂದು, ಬಿಡ್ರಿ, ಎಲ್ಲಾರಿಗೂ ಆಗೂದ." ಮತ್ತೊಬ್ಬರು, "ಉಷ್ಣ ಆಗೇದ, ಸಬ್ಜಾ ಬೀಜ ನೆನಿ ಹಾಕಿ ಕುಡೀರಿ" ಅಂದ್ರು. ಅಲ್ಲಿಗೆ ಆ ವಿಷಯ ಮುಗೀತು, ಮಾತು ಮಗಳ ಸೀಮಂತಕ್ಕ ಹೋತು. ಜ್ವರ ಬರತಾವೇನು, ತೂಕ ಇಳದದೇನು, ಯಾವ ಗುಳಿಗಿ ನುಂಗ್ತೀರಿ ಅಂತ ಒಬ್ಬರೂ ಒಂದು ಪ್ರಶ್ನಿ ಕೇಳಲಿಲ್ಲ.

ನಾ ಅವತ್ತು ಜರಾ ಜೋರಾಗೇ ಮಾತಾಡಿದೆ. ಕೆಲವರಿಗೆ ಬ್ಯಾಸರ ಆಗಿರಬೇಕು, ಆಗಲಿ. ಅವತ್ತು ಅರ್ಧಕ್ಕ ನಿಂತ ಜಗಳ ಇಲ್ಲಿ ಪೂರ್ತಿ ಮಾಡ್ತೀನಿ. ನಾ ಡಾಕ್ಟರ್ ಅಲ್ಲ, ಪಿಯುಸಿ ಓದಿ ಲಗ್ನ ಆದಾಕಿ. ಆದ್ರ ಈ ಬೆವರಿನ ವಿಷಯದಾಗ ನನ್ನ ಕೈಯಿಂದನ ಒಂದು ದೊಡ್ಡ ತಪ್ಪು ಆಗೇದ. ಅದರಿಂದ ಕಲತದ್ದು ಹೇಳಲಾರದ ಇರಾಕ ಆಗೂದಿಲ್ಲ.

ನನ್ನ ವಾದ ಇಷ್ಟ. "ವಯಸ್ಸು" ಅನ್ನೂದು ಖರೇ ಕಾರಣ ಆಗಿರಬಹುದು, ನಮ್ಮಂಥ ಹೆಂಗಸರಿಗೆ ಭಾಳ ಸಲ ಅದ ಆಗಿರತದ. ಆದ್ರ ಅದು ಉಳಿದದ್ದೆಲ್ಲಾ ಕೇಳಿ ಮುಗಿಸಿದ ಮ್ಯಾಲೆ ಕೊಡೂ ಉತ್ತರ. ನಾವು ಅದನ್ನ ಮೊದಲನೇ ಉತ್ತರ ಮಾಡಿಕೊಂಡೇವಿ. "ಉಷ್ಣ" ಅನ್ನೂದಂತೂ ಉತ್ತರನ ಅಲ್ಲ. ಬೆವರು ಬಂದದ್ದಕ್ಕ ಉಷ್ಣ ಅಂದ್ರ, ಮಳಿ ಬಂದದ್ದಕ್ಕ ನೀರು ಅಂದಂಗ ಆತು.

ಮೊದಲು ಯಾವ ಬೆವರಿನ ಮಾತು ಅಂತ ತಿಳಕೋಬೇಕು. ಏಪ್ರಿಲ್ ತಿಂಗಳು ಕರೆಂಟ್ ಹೋದಾಗ ಬೆವರೂದು ಇದರಾಗ ಬರೂದಿಲ್ಲ. ಖೋಲಿ ತಂಪ ಇದ್ದು, ಮೈಮ್ಯಾಲೆ ದಪ್ಪ ಹೊದಿಕಿ ಇಲ್ಲದಾಗೂ ಅರಿವಿ, ಹಾಸಿಗಿ ಬದಲಿ ಮಾಡೂವಷ್ಟು ತೊಯ್ದ್ರ ಅದು ಕೇಳಬೇಕಾದ ಬೆವರು. ಅಂದ್ರ ಮೊದಲನೇ ಪರೀಕ್ಷಾ ದವಾಖಾನ್ಯಾಗ ಅಲ್ಲ, ನಮ್ಮ ಹಾಸಿಗಿಮ್ಯಾಲೆನ ಆಗಬೇಕು. ನನ್ನ ಹಾಸಿಗಿ ಕಥಿನೇ ಹೇಳ್ತೀನಿ.

ಮೂರು ವರ್ಷದ ಹಿಂದ ಮಗ ಸೊಂಟನೋವಿಗೆ ಛೊಲೋ ಅಂತ ಮೆಮರಿ ಫೋಮ್ ಗಾದಿ ತಂದ. ಅದು ಮೈಗೆ ತಕ್ಕಂಗ ತಗ್ಗು ಬೀಳತದ, ಹೌದು. ಆದ್ರ ಹಂಗ ತಗ್ಗಿನಾಗ ಮೈ ಮುಳುಗಿದ್ರ ಬೆನ್ನಿಗೆ ಗಾಳಿ ಆಡೂದಿಲ್ಲ. ಮ್ಯಾಲೆ ಸೊಸಿ, ಮೊಮ್ಮಗ ಉಚ್ಚಿ ಹೊಯ್ತಾನಂತ ನೀರು ಇಳಿಯದ ಪ್ಲಾಸ್ಟಿಕ್ ಪದರಿನ ಹೊದಿಕಿ ಹಾಕಿದ್ಲು. ಅದರ ಮ್ಯಾಲೆ ಮಿಣಮಿಣ ಹೊಳಿಯೂ ಚಾದರ. ಹೊದಕೊಳ್ಳಾಕ ಲಗ್ನದಾಗ ಬಂದ, ಹುಲಿ ಚಿತ್ರದ ದಪ್ಪನೆಯ ಬ್ಲ್ಯಾಂಕೆಟ್ಟು. ಕೆಳಗ ಪ್ಲಾಸ್ಟಿಕ್, ಮ್ಯಾಲೆ ಪಾಲಿಯೆಸ್ಟರ್, ನಡುವ ನಾನು. ಮೈಯಿಂದ ಹೊರಡೂ ಹಬಿ ಹೋಗಾಕ ಎಲ್ಲೂ ದಾರಿ ಇಲ್ಲ. ಮತ್ತ ನಾನೂ ಎಲ್ಲಾರಂಗ "ವಯಸ್ಸು" ಅಂತ ಹೇಳಿಕೊಂತ ಒಂದು ವರ್ಷ ಕಳದೆ.

ಪ್ಲಾಸ್ಟಿಕ್ ಹೊದಿಕಿ ತಗದು, ಗಾದಿ ಮ್ಯಾಲೆ ಒಂದು ಹತ್ತಿ ಜಮಖಾನಿ, ಅದರ ಮ್ಯಾಲೆ ಹತ್ತಿ ಚಾದರ ಹಾಸಿದೆ. ಒಂದ ವಾರದಾಗ ಬೆವರು ಅರ್ಧ ಕಡಿಮಿ ಆತು. ಉಳಿದ ಅರ್ಧ ಖರೇನ ವಯಸ್ಸಿಂದು, ಅದನ್ನ ಆಮ್ಯಾಲೆ ಹೇಳ್ತೀನಿ.

ಇಲ್ಲಿ ಕೌದಿ ಬಗ್ಗೆ ಒಂದು ಮಾತು. ನಮ್ಮ ಕಡೆ ಮಂದಿ ಕೌದಿ ಅಂದ ಕೂಡಲೆ, "ನಮ್ಮವ್ವ ಹೊಲಿದದ್ದು, ಅದರಂಥಾ ತಂಪಿಲ್ಲ" ಅಂತಾರ. ಅವ್ವನ ಕೌದಿ ಹತ್ತಿ ಪತ್ತಲಾ, ಧೋತರದಾಗ ಹೊಲಿದದ್ದು, ಅದಕ್ಕ ತಂಪಿತ್ತು. ಈಗ ನಾವು ಹೊಲಿಸೂದು ಹಳೇ ಸಿಂಥೆಟಿಕ್ ಸೀರಿಲೆ. ನೋಡಾಕ ಕೌದಿ, ಮೈಗೆ ಅದೂ ಪ್ಲಾಸ್ಟಿಕ್ಕ. ಅನುಮಾನ ಇದ್ರ ಅಂಚಿನಿಂದ ನಾಲ್ಕು ಎಳಿ ಬಿಚ್ಚಿ, ಚಿಮಟದಾಗ ಹಿಡದು, ಸ್ಟೀಲ್ ತಾಟಿನ ಮ್ಯಾಲೆ ಬೆಂಕಿ ಹಚ್ಚಿ ನೋಡ್ರಿ. ಹತ್ತಿ ಆದ್ರ ಕಾಗದ ಸುಟ್ಟ ವಾಸನಿ ಬಂದು ಪುಡಿ ಬೂದಿ ಉಳೀತದ. ಪಾಲಿಯೆಸ್ಟರ್ ಆದ್ರ ಕರಗಿ ಮುದ್ದಿ ಆಗಿ, ಆರಿದ ಮ್ಯಾಲೆ ಗಟ್ಟಿ ಕರಿ ಗುಂಡು ಉಳೀತದ. ಎರಡೂ ಕೂಡಿದ ಬಟ್ಟಿ ಇದ್ರ ಎರಡೂ ಕಾಣ್ತಾವ. ಅಂಗಡಿಯವ "ಕಾಟನ್ ಫೀಲ್" ಅಂತಾನ, ಆ "ಫೀಲ್" ಅನ್ನೂ ಮಾತಿನಾಗ ಹತ್ತಿ ಇರೂದಿಲ್ಲ.

ಆದ್ರ ಹತ್ತಿಗೂ ಒಂದು ದೋಷ ಅದ, ಅದನ್ನ ಮುಚ್ಚಿಡಬಾರದು. ಹತ್ತಿ ಬೆವರು ಹೀರತದ, ಲಗೂನ ಒಣಗೂದಿಲ್ಲ. ಬೆವರು ನಿಂತ ಮ್ಯಾಲೆ ತೊಯ್ದ ನೈಟಿ ಮೈಗೆ ಅಂಟಿ ಥಂಡಿ ಹತ್ತತದ, ಆವಾಗ ಮತ್ತ ಬ್ಲ್ಯಾಂಕೆಟ್ ಎಳಕೋತೀವಿ, ಮತ್ತ ಬೆವರು. ಅದಕ್ಕ ನಾನು ಮಾಡೂದು ಹಿಂಗ. ನಮ್ಮವರ ಹಳೇ ಧೋತರ ನಾಲ್ಕು ಮಡಚಿ, ಹೆಗಲಿಂದ ಸೊಂಟದ ತನಕ ಬರೂವಂಗ ಚಾದರದ ಮ್ಯಾಲೆ ಹಾಸ್ತೀನಿ. ತೊಯ್ದ್ರ ದೀಪ ಹಚ್ಚಲಾರದ ಅದನ್ನ ಎಳದು ಒಗೀತೀನಿ, ಕೆಳಗ ಚಾದರ ಒಣಗೇ ಇರತದ. ದಿಂಬಿನ ಬಾಜೂಕ ಇನ್ನೊಂದು ಸಡಿಲ ಹತ್ತಿ ನೈಟಿ ಇಟ್ಟಿರ್ತೀನಿ. ಹೊದಕೊಳ್ಳಾಕ ಒಂದು ದಪ್ಪಂದರ ಬದಲಿ ಎರಡು ತೆಳ್ಳಗಿನವು, ಒಂದು ಒದ್ದು ಬಿಡಬಹುದು. ಸೊಳ್ಳಿಗೆ ಹೆದರಿ ಕಿಟಕಿ ಮುಚ್ಚೂದು ಬಿಟ್ಟು ಸೊಳ್ಳಿಪರದೆ ಕಟ್ಟೀನಿ. ಅರ್ಧ ಲಕ್ಷದ "ತಂಪು ಗಾದಿ" ಜಾಹೀರಾತು ನೋಡಿ ಮರುಳಾಗೂಕ್ಕಿಂತ ಮೊದಲ ಇಷ್ಟು ಎರಡು ವಾರ ಮಾಡಿ ನೋಡ್ರಿ.

ಹಿಂಗ ಹಾಸಿಗಿ ಬದಲಿ ಮಾಡಿದ ಮ್ಯಾಲೂ ನಂಗ ಉಳದದ್ದು ಮುಟ್ಟು ನಿಲ್ಲೂ ಕಾಲದ ಬೆವರು. ಅದರ ಗುರುತು ಬ್ಯಾರೇನ ಇರತದ. ಎದಿಯಿಂದ ಝಳ ಎದ್ದು ಕುತ್ತಿಗಿ, ಮಾರಿಗೆ ಏರತದ, ಎದಿ ಡವಡವ ಅಂತದ, ಒಂದೆರಡು ನಿಮಿಷ, ಭಾಳ ಅಂದ್ರ ಐದು ನಿಮಿಷ ಇದ್ದು, ಬೆವರು ಸುರದು, ಆಮ್ಯಾಲೆ ಸಣ್ಣಗ ಥಂಡಿ. ಹಗಲಿನ್ಯಾಗೂ ಅಡಗಿ ಮನ್ಯಾಗ ನಿಂತಾಗ ಹಂಗ ಬರತದ. ಡಾಕ್ಟರ್ ಬಾಯಿ ನಂಗ ತಿಳಿಸಿ ಹೇಳಿದ್ದು ಹಿಂಗ: ಮೈಯ ಕಾವು ನೋಡಿಕೊಳ್ಳೂ ಜಾಗಾ ಮಿದುಳಿನಾಗ ಅದ. ಈಸ್ಟ್ರೊಜೆನ್ ಇಳದಾಗ ಅದು ಸೂಕ್ಷ್ಮ ಆಗಿ, ಕಾವು ಕೂದಲೆಳಿಯಷ್ಟು ಏರಿದ್ರೂ "ಭಾಳ ಸೆಕಿ ಆಗೇದ" ಅಂತ ತಿಳದು ಬೆವರು ಬಿಡಸತದ. ಅದಕ್ಕ ದಪ್ಪ ಹೊದಿಕಿ, ರಾತ್ರಿಯ ಕುದಿಕುದಿ ಚಹಾ, ಖಾರದ ಊಟ ಈ ಕಾಲದಾಗ ಜಾಸ್ತಿ ಕಾಡತಾವ. ಜ್ವರ ಇರೂದಿಲ್ಲ, ತೂಕ ತಾನಾಗಿ ಇಳಿಯೂದಿಲ್ಲ. ಇದು ವರ್ಷಗಟ್ಟಲೆ ಇರಬಹುದು. "ಸಹಿಸಿಕೋಬೇಕು" ಅನ್ನೂ ಕಾನೂನು ಏನಿಲ್ಲ, ನಿದ್ದಿ ಕೆಡ್ತಿದ್ರ ಇದಕ್ಕೂ ಔಷಧ ಅದಾವ, ಹಾರ್ಮೋನ್ ಇರೂವೂ, ಇಲ್ಲದವೂ. ಯಾರಿಗೆ ಯಾವುದು ಅಂತ ಸ್ತನ, ಗರ್ಭಕೋಶ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಕೇಳಿ ಡಾಕ್ಟರ್ ಹೇಳಬೇಕು, ಪಕ್ಕದ ಮನಿಯವರ ಚೀಟಿ ನೋಡಿ ತಗೋಬಾರದು. ಮುಟ್ಟು ಒಂದು ವರ್ಷ ಪೂರಾ ನಿಂತ ಮ್ಯಾಲೆ ಮತ್ತ ಒಂದು ಹನಿ ರಕ್ತ ಕಂಡ್ರೂ ತೋರಿಸಬೇಕು. ಬೆವರಿನ ಮಾತಿನ ನಡುವ ಇದು ಬ್ಯಾರೆ, ಆದ್ರ ಹೇಳಿಬಿಟ್ಟೆ.

ಈಗ ನನ್ನ ತಪ್ಪಿಗೆ ಬರ್ತೀನಿ. ನಮ್ಮ ವೈನಿಯ ಒಪ್ಪಿಗಿ ತಗೊಂಡ ಬರ್ಯಾಕತ್ತೀನಿ.

ವೈನಿಗೆ 48ಕ್ಕ ಮುಟ್ಟು ನಿಂತಿತ್ತು. ಎರಡು ವರ್ಷ ಝಳ, ಬೆವರು ಎಲ್ಲಾ ಆಗಿ ನಿಂತೂ ಹೋಗಿತ್ತು. 53ನೇ ವಯಸ್ಸಿನಾಗ, ದೀಪಾವಳಿ ಆದ ಮ್ಯಾಲೆ, ಮತ್ತ ರಾತ್ರಿ ಬೆವರು ಸುರು ಆತು. ಫೋನಿನ್ಯಾಗ ನಂಗ ಹೇಳಿದ್ರು. ನಾ ಏನಂದೆ ಗೊತ್ತೇನು? "ನಂಗೂ ಹಂಗ ಆಗತದ ವೈನಿ, ವಯಸ್ಸು." ಒಂದು ಸಲ ಹೋಗಿ ಮುಗಿದ ಝಳ ಮೂರು ವರ್ಷ ಬಿಟ್ಟು ಹೊಸದಾಗಿ ಯಾಕ ಬಂತು ಅಂತ ಕೇಳಬೇಕಿತ್ತು. ನಾ ಕೇಳಲಿಲ್ಲ. ಅವರ ಮನ್ಯಾಗ ಕೋಕಂ ಪಾನಕ, ಗುಲ್ಕಂದ, ಮಜ್ಜಿಗಿ ಎಲ್ಲಾ ಆತು. ಒಂದು ಖಾಸಗಿ ದವಾಖಾನಿಗೆ ಹೋಗಿ ಬಂದ್ರು, ಅಲ್ಲಿ ಥರ್ಮಾಮೀಟರ್ ಇಡಲಿಲ್ಲ, ತೂಕ ನೋಡಲಿಲ್ಲ, ಕ್ಯಾಲ್ಸಿಯಂ ಗುಳಿಗಿ, ಒಂದು ಟಾನಿಕ್ ಬರದು ಕೊಟ್ಟು, "ಈ ವಯಸ್ಸಿನ್ಯಾಗ ಆಗತದ" ಅಂದ್ರು.

ಯುಗಾದಿಗೆ ನಾ ತವರಿಗೆ ಹೋದಾಗ ವೈನಿ ಬೇವು-ಬೆಲ್ಲ ಕೊಡಾಕ ಕೈ ಚಾಚಿದ್ರು, ಬಳಿಗಳು ಮೊಳಕೈ ತನಕ ಜಾರಿದ್ವು. ಜಂಪರಿನ ಎರಡೂ ಬಾಜೂ ಹೊಲಿಗಿ ಹಾಕಿಸಿಕೊಂಡಿದ್ರು. "ತೂಕ ಇಳಿಸೀನಿ, ಛೊಲೋನ ಆತಲ್ಲ" ಅಂತ ನಕ್ಕರು. ಸಂಜಿ ಐದಕ್ಕ, ಯುಗಾದಿ ಬಿಸಲಿನ್ಯಾಗ, ಶಾಲು ಹೊದಕೊಂಡು ಕೂತ್ರು. ಆರಕ್ಕ ಜ್ವರ ನೋಡಿದೆ, 100.2 ಇತ್ತು. ಬೆಳಿಗ್ಗೆ ನೋಡಿದ್ರ 97.8. ರಾತ್ರಿ ಬೆವರು ಸುರದು ಜ್ವರ ಇಳೀತಿತ್ತು, ನಸಕನ್ಯಾಗ ಮೈ ತಂಪ, ಅದಕ್ಕ ಯಾರಿಗೂ ಜ್ವರ ಅಂತ ಗೊತ್ತಾಗಿರಲಿಲ್ಲ. ಕೆಮ್ಮು ಇತ್ತೇನು ಅಂದ್ರ ಇತ್ತು, "ಒಗ್ಗರಣಿ ಘಾಟಿಗೆ" ಅಂತಿದ್ರು. ಎಷ್ಟು ದಿನದ್ದು? ಸಂಕ್ರಾಂತಿಯಿಂದ.

ಮರುದಿನ ಸರಕಾರಿ ದವಾಖಾನಿಗೆ ಕರಕೊಂಡು ಹೋದೆ. ಎಕ್ಸ್‌ರೇದಾಗ ಬಲಗಡಿ ಪುಪ್ಪುಸದ ಮ್ಯಾಲಿನ ಭಾಗಕ್ಕ ಬೆಳ್ಳಗಿನ ಕಲಿ ಇತ್ತು. ಎರಡು ಡಬ್ಬಿ ಕಫ ಕೇಳಿದ್ರು, ಒಂದು ಅಲ್ಲೇ, ಇನ್ನೊಂದು ಮರುದಿನ ಎದ್ದ ಕೂಡಲೆ. ಉಗುಳಲ್ಲ, ಆಳವಾಗಿ ಕೆಮ್ಮಿ ತಗದ ಕಫನ ಬೇಕು ಅಂತ ನರ್ಸ್ ಬಾಯಿ ಎರಡು ಸಲ ಹೇಳಿದ್ರು. ಅದನ್ನ ಮಷೀನಿನ್ಯಾಗ ಹಾಕಿ ಟಿಬಿ ಕ್ರಿಮಿ ಅದ ಏನು, ಮುಖ್ಯ ಔಷಧಕ್ಕ ಬಗ್ಗತದ ಏನು, ಎರಡೂ ನೋಡ್ತಾರ. ಕ್ರಿಮಿ ಇತ್ತು, ಔಷಧಕ್ಕ ಬಗ್ಗೂವಂಥದ್ದು. ತೂಕ 61 ಇದ್ದದ್ದು 54ಕ್ಕ ಬಂದಿತ್ತು.

ಗುಳಿಗಿ ಪುಕ್ಕಟೆ, ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮ್ಯಾಲೆ ನಾಲ್ಕು ತಿಂಗಳು ಮೂರು, ತೂಕದ ಮ್ಯಾಲೆ ಗುಳಿಗಿ ಲೆಕ್ಕ. ಮೂತ್ರ ಕೇಸರಿ ಬಣ್ಣ ಆದಾಗ ವೈನಿ ಹೆದರಿದ್ರು, ಅದು ಗುಳಿಗಿ ಬಣ್ಣ, ರಕ್ತ ಅಲ್ಲ. ಊಟಕ್ಕಂತ ತಿಂಗಳಿಗೆ 1000 ರೂಪಾಯಿ ಸರಕಾರದಿಂದ ಬ್ಯಾಂಕಿಗೆ ಬರತದ. ಮೂರು ವಾರಕ್ಕ ಜ್ವರ ನಿಂತ್ವು, ಐದನೇ ವಾರಕ್ಕ ಹಾಸಿಗಿ ಒಣಗಿತು. ಆವಾಗ ಗುಳಿಗಿ ಬಿಡೂ ಆಸೆ ಬರತದ, ವೈನಿಗೂ ಬಂದಿತ್ತು. ಬಿಟ್ರ ಕ್ರಿಮಿ ಔಷಧಕ್ಕ ಬಗ್ಗಲಾರದಂಗ ಆಗಬಹುದು ಅಂತ ಆಶಾ ಕಾರ್ಯಕರ್ತಿ ಬಂದು ಬಂದು ಹೇಳಿ ಪೂರಾ ಮಾಡಿಸಿದ್ಲು.

ಇಷ್ಟಾದ್ರ ಸುಖಾಂತ ಅನ್ನಬಹುದಿತ್ತು. ಆದ್ರ ಆ ಐದು ತಿಂಗಳೂ ನಾಲ್ಕು ವರ್ಷದ ಮೊಮ್ಮಗಳು ಅಜ್ಜಿಯ ಮಗ್ಗಲಾಗ, ಅದ ಕೌದ್ಯಾಗ ಮಲಗಿತ್ತು. ಆ ಕೂಸಿಗೂ ತಪಾಸಣಿ ಮಾಡಿಸಿದ್ವಿ. ದೇವರ ದಯೆಯಿಂದ ರೋಗ ಇರಲಿಲ್ಲ, ಆದ್ರ ಬರಬಾರದಂತ ಅದಕ್ಕೂ ತಿಂಗಳಗಟ್ಟಲೆ ಔಷಧ ಕುಡಿಸಬೇಕಾತು. ನಾನು ಫೋನಿನ್ಯಾಗ "ವಯಸ್ಸು" ಅಂದ ಒಂದು ಮಾತಿನ ಬೆಲಿ ಅದು.

"ಅಂದ್ರ ಬೆವರಿದವರೆಲ್ಲಾ ಟಿಬಿ ಅಂತ ಓಡಬೇಕೇನು?" ಅಂತ ಅವತ್ತು ಒಬ್ಬರು ಕೇಳಿದ್ರು. ಇಲ್ಲ. ನಾ ಓಡ್ರಿ ಅನ್ನಾಕತ್ತಿಲ್ಲ, ಕೇಳ್ರಿ ಅನ್ನಾಕತ್ತೀನಿ. ಸಂಜಿ ಜ್ವರ ನೋಡಾಕ ಒಂದು ಥರ್ಮಾಮೀಟರ್ ಸಾಕು. ತೂಕ ರೇಶನ್ ಅಂಗಡಿ ತಕ್ಕಡಿಮ್ಯಾಲೂ ನೋಡಬಹುದು. ಎರಡು ವಾರ ಕ್ಯಾಲೆಂಡರಿನ ಮ್ಯಾಲೆ ಬರೀರಿ, ರಾತ್ರಿ ಅರಿವಿ ಬದಲಿ ಮಾಡಿದ್ರ ಒಂದು ಚುಕ್ಕಿ, ಬಾಜೂಕ ಸಂಜಿ ಜ್ವರದ ಅಂಕಿ. ಡಾಕ್ಟರ್ ಮುಂದ "ಬೆವರತದ್ರಿ" ಅಂದ್ರ ಕ್ಯಾಲ್ಸಿಯಂ ಬರೀತಾರ, ಆ ಕ್ಯಾಲೆಂಡರ್ ಹಾಳಿ ಇಟ್ರ ಓದತಾರ. ಎರಡು ವಾರ ಮೀರಿದ ಕೆಮ್ಮು, ಸಂಜಿ ಜ್ವರ, ಕಾರಣ ಇಲ್ಲದ ಇಳಿದ ತೂಕ, ಕುತ್ತಿಗಿ, ಬಗಲು, ತೊಡಿಸಂದಿನಾಗ ನೋವಿಲ್ಲದ ಗಂಟು, ಇವುಗಳಾಗ ಒಂದು ಬೆವರಿನ ಜೋಡಿ ಇದ್ರೂ ಕ್ಯಾಲೆಂಡರ್ ತುಂಬೂ ತನಕ ಕಾಯಬ್ಯಾಡ್ರಿ, ಆ ವಾರನ ಹೋಗ್ರಿ. ಗಂಟು ಟಿಬಿದೂ ಆಗಿರಬಹುದು, ರಕ್ತದ, ಗ್ರಂಥಿಯ ಕ್ಯಾನ್ಸರಿಂದೂ ಆಗಿರಬಹುದು, ಮುಟ್ಟಿ ನೋಡಿ ನಮಗ ತಿಳಿಯೂದಿಲ್ಲ. ಇನ್ನು ಹಗಲೂ ರಾತ್ರಿ ಸೆಕಿ, ಕೈ ನಡುಗೂದು, ಎದಿ ಡವಡವ, ಛಂದಂಗ ಉಂಡ್ರೂ ಸೊರಗೂದು ಇದ್ರ ಥೈರಾಯ್ಡ್ ನೋಡಿಸಬೇಕು.

ಕಾಯಲಾರದ ಬೆವರು ಎರಡು ಅದಾವ. ಎದಿ ಹಿಂಡಿದಂಗ ಆಗಿ, ಎಡಗೈಗೆ, ದವಡಿಗೆ ನೋವು ಹರದು, ಉಸಿರು ಸಿಕ್ಕಿ ತಣ್ಣನೆ ಬೆವರು ಬಂದ್ರ ಗ್ಯಾಸ್ ಅಂತ ಸೋಡಾ ಕುಡಿಸಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ. ಹೆಂಗಸರಿಗೆ ಎದಿನೋವು ಕಡಿಮಿ ಇದ್ದು, ಬರೇ ಉಸಿರು, ವಾಂತಿ, ಬೆವರು ಇರೂದೂ ಉಂಟು.

ಎರಡನೇದು ನಮ್ಮ ಓಣಿಯ ಕಾಕುಗ ಆದದ್ದು. ಅವರಿಗೆ 64, ಶುಗರಿಗೆ ಗ್ಲಿಮಿಪಿರೈಡ್ ಗುಳಿಗಿ ತಗೋತಾರ. ಏಕಾದಶಿ ದಿನ ಗುಳಿಗಿ ನುಂಗಿದ್ರು, ಊಟ ಬಿಟ್ಟಿದ್ರು. ರಾತ್ರಿ ಮೂರಕ್ಕ ಮೈಯೆಲ್ಲಾ ತಣ್ಣನೆ ಬೆವರು, ನಡುಕ, ಏನೇನೋ ಮಾತು. ಕಾಕಾ ಥಂಡಿ ಜ್ವರ ಅಂತ ತಿಳದು ಮ್ಯಾಲೆ ಎರಡು ಕೌದಿ ಹೊಚ್ಚಿದ್ರು! ಮಗಳು ಬಂದು ಮಷೀನಿನ್ಯಾಗ ನೋಡಿದ್ರ ಶುಗರ್ 52. 70ರ ಕೆಳಗ ಇಳದ್ರ ಕಡಿಮಿ ಆಗೇದ ಅಂತ ಲೆಕ್ಕ. ಮೂರು ಚಹಾ ಚಮಚ ಸಕ್ಕರಿ ನೀರಿನ್ಯಾಗ ಕಲಸಿ ಕುಡಿಸಿದ್ಲು, 15 ನಿಮಿಷಕ್ಕ ಮತ್ತ ನೋಡಿದ್ಲು, 81 ಆಗಿತ್ತು. ಆಮ್ಯಾಲೆ ಅರ್ಧ ರೊಟ್ಟಿ, ಹಾಲು ಕೊಟ್ಲು, ಯಾಕಂದ್ರ ಈ ಗುಳಿಗಿ ತಾಸುಗಟ್ಟಲೆ ಕೆಲಸ ಮಾಡತದ, ಮತ್ತ ಇಳಿಯೂದುಂಟು. ಎಚ್ಚರ ತಪ್ಪಿದ್ರ ಮಾತ್ರ ಬಾಯಾಗ ಏನೂ ಹಾಕಬಾರದು, ಗಂಟಲಿಗೆ ಸಿಗತದ, ಸೀದಾ ದವಾಖಾನಿಗೆ. ಇನ್ಸುಲಿನ್ ತಗೊಳ್ಳೂವರಿಗೂ ಇದ ಮಾತು. ಕಾಕುಗೂ ಅದರ ಹಿಂದ ಎರಡು ಸಲ ರಾತ್ರಿ ಬೆವರು ಬಂದಿತ್ತಂತ, ಅವರಿಗೂ ನಾವ ಓಣಿಯವರು ಹೇಳಿದ್ದು, "ವಯಸ್ಸು" ಅಂತ. 64ಕ್ಕ ಯಾವ ವಯಸ್ಸಿನ ಝಳರೀ!

ಗಂಡಸರ ಬಗ್ಗೆ ಜಾಸ್ತಿ ಬರ್ಯಾಂಗಿಲ್ಲ. ಜೋರು ಗೊರಕಿ ಹೊಡದು, ನಡುವ ಉಸಿರು ನಿಂತಂಗ ಆಗಿ, ಗಕ್ಕನೆ ಎದ್ದು ಬೆವರತಿದ್ರ ಅದು ಉಸಿರಿನ ತೊಂದ್ರಿ, ಅವರನ್ನೂ ಕರಕೊಂಡು ಹೋಗ್ರಿ. ಖಿನ್ನತೆಗೆ ಕೊಡೂ ಕೆಲವು ಗುಳಿಗಿನೂ ಬೆವರು ತರಸ್ತಾವ, ಹಂಗಂತ ತಾವ ನಿಲ್ಲಿಸಬಾರದು, ಬರದು ಕೊಟ್ಟವರಿಗೆ ಹೇಳಬೇಕು.

ಅವತ್ತು ಮಾತು ತಗದ ಹಿಂದಿನ ಓಣಿಯವರು ನನ್ನ ಮ್ಯಾಲೆ ಸಿಟ್ಟಾಗಲಿಲ್ಲ. ಮರುದಿನ ಫೋನ್ ಮಾಡಿದ್ರು. ಗಾದಿ ಮ್ಯಾಲಿನ ಪ್ಲಾಸ್ಟಿಕ್ ತಗದು ಹತ್ತು ದಿನ ಆತು, ಬೆವರು ಕಡಿಮಿ ಆಗೇದ, ನಿಂತಿಲ್ಲ. ಸಂಜಿ ಜ್ವರ ಇಲ್ಲ, ಎಲ್ಲಾ 98ರ ಆಸುಪಾಸು. ತೂಕ ಮಾತ್ರ ಹೋದ ವರ್ಷಕ್ಕಿಂತ ಮೂರು ಕಿಲೊ ಕಡಿಮಿ ತೋರಸತದ, ಉಪವಾಸಕ್ಕ ಇರಬೇಕು ಅಂತಾರ ಅವರು. ಸೋಮವಾರ ಇಬ್ರೂ ಕೂಡಿ ಹೊಂಟೇವಿ, ಕ್ಯಾಲೆಂಡರ್ ಹಾಳಿ ಹರಕೊಂಡು ಚೀಲದಾಗ ಇಟ್ಟಾರ.